ಇಬ್ಬರ ಸಹಿ ಬೇಕು

ಛಾಪಾ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಸನದಲ್ಲಿ ಮಕ್ಕಳ ಮನಃಶಾಸ್ತ್ರಜ್ಞೆಯಾಗಿ ಇಷ್ಟು ವರ್ಷ ಕೂತ ಮೇಲೆ, ಆ ಕವರು ಬಾಗಿಲಲ್ಲಿ ಕಾಣಿಸಿದ ತಕ್ಷಣ ಒಳಗೆ ಏನು ಬರೆದಿರುತ್ತದೆ ಎಂದು ಓದದೆಯೇ ಹೇಳಬಲ್ಲೆ. ಗಂಡ ಹೆಂಡತಿ ಬೇರೆಯಾಗಿರುತ್ತಾರೆ. ಊರಿನ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಮಗುವನ್ನು ಯಾರದೋ ಒಬ್ಬರ ಪಾಲಿಗೆ ಹಾಕಿರುತ್ತಾರೆ. ಆಮೇಲೆ ನೋಟರಿ ಹತ್ತಿರ ಹೋಗಿ ಒಂದು ಮೊಹರು ಒತ್ತಿಸಿಕೊಂಡರೆ ಆಯಿತು, ಸುಪ್ರೀಂ ಕೋರ್ಟೇ ಹೇಳಿದಷ್ಟು ಗಟ್ಟಿ ಎಂದು ಎಲ್ಲರೂ ನಂಬಿ ಮನೆಗೆ ಹೋಗುತ್ತಾರೆ.

ಆ ಜೂನ್ ತಿಂಗಳಲ್ಲಿ ಹಳ್ಳಿಮೈಸೂರಿನಿಂದ ಬಂದ ಕವರನ್ನು ಹಿಡಿದಿದ್ದವನು ಮಗುವಿನ ಸೋದರಮಾವ. ಹಿಂದೆ ಅವನ ತಂಗಿ, ಅವಳ ಕೈ ಹಿಡಿದುಕೊಂಡು ಏಳು ವರ್ಷದ ಹುಡುಗಿ. ತಂಗಿ ಡಿಗ್ರಿ ಓದಿದವಳು. ಆದರೂ ನಾನು ಅವಳಿಗೆ ಕೇಳಿದ ಪ್ರಶ್ನೆಗೆಲ್ಲ ಅಣ್ಣನೇ ಉತ್ತರ ಕೊಡುತ್ತಿದ್ದ. ಹುಡುಗಿಗೆ ಊಟ ಸೇರುತ್ತದೆಯೇ ಎಂದು ಕೇಳಿದರೂ ಅವನೇ ಗಂಟಲು ಸರಿಮಾಡಿಕೊಂಡ.

ಹುಡುಗಿಯ ಕಷ್ಟ ಇಷ್ಟು. ಹೊಳೆನರಸೀಪುರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸು. ಬಾಯಲ್ಲಿ ಕೇಳಿದರೆ ಚುರುಕು, ಲೆಕ್ಕವನ್ನೂ ಹೇಳುತ್ತಾಳೆ, ಕಥೆಯನ್ನೂ ಹೇಳುತ್ತಾಳೆ. ಪುಸ್ತಕ ಮುಂದಿಟ್ಟರೆ ಒಂದು ಸಾಲು ಓದಲಾಗುವುದಿಲ್ಲ. ಕನ್ನಡವೂ ಅಷ್ಟೇ, ಇಂಗ್ಲಿಷೂ ಅಷ್ಟೇ. ಮೇಷ್ಟ್ರುಗಳು ಸೋಮಾರಿ ಎಂದು ತೀರ್ಮಾನಿಸಿ ಹಿಂದಿನ ಬೆಂಚಿಗೆ ಕಳಿಸಿದ್ದರು. ಮುಖ್ಯೋಪಾಧ್ಯಾಯಿನಿ, ತಜ್ಞರ ವರದಿ ತನ್ನಿ, ಇಲ್ಲವಾದರೆ ಟಿ.ಸಿ. ತೆಗೆದುಕೊಳ್ಳಿ ಎಂದಿದ್ದರಂತೆ. ಎಂಟನೇ ತರಗತಿಯ ತನಕ ಮಗುವನ್ನು ಹಾಗೆ ಹೊರಗೆ ಹಾಕುವ ಅಧಿಕಾರ ಯಾವ ಶಾಲೆಗೂ ಇಲ್ಲ. ಆದರೆ ಅದನ್ನು ಆ ಮುಖ್ಯೋಪಾಧ್ಯಾಯಿನಿಗೆ ಹೇಳುವವರು ಯಾರೂ ಇರಲಿಲ್ಲ.

ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕಿತ್ತು. ಇದ್ದರೆ ಬೇರೆ ರೀತಿಯಲ್ಲಿ ಪಾಠ ಹೇಳಿಕೊಡಬಹುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಪ್ರತಿ ತಿಂಗಳೂ ಆ ಹುಡುಗಿ ತಾನು ದಡ್ಡಿ ಎಂಬುದನ್ನು ಒಂದಿಷ್ಟು ಹೆಚ್ಚು ಕಲಿಯುತ್ತಿದ್ದಳು.

ತಂದೆ ಎಲ್ಲಿ ಎಂದು ಕೇಳಿದೆ. ಮಾವ ಕವರು ಬಿಚ್ಚಿದ.

"ಅವ್ನ ಸುದ್ದಿ ಬ್ಯಾಡ ಮೇಡಂ. ಎಲ್ಲಾ ಇದ್ರಲ್ಲೇ ಐತೆ, ಓದ್ಕಳಿ."

ಚನ್ನರಾಯಪಟ್ಟಣದ ನೋಟರಿಯ ಮೊಹರು. ಸದರಿ ಹೆಣ್ಣು ಮಗುವು ತಾಯಿಯ ವಶದಲ್ಲಿರತಕ್ಕದ್ದು, ತಂದೆಗೆ ಸದರಿ ಮಗುವಿನ ಮೇಲೆ ಯಾವುದೇ ಹಕ್ಕು ಬಾಧ್ಯತೆ ಇರತಕ್ಕದ್ದಲ್ಲ. ಸೈಟು ಮಾರುವ ಪತ್ರ ಬರೆಯುವವನೇ ಇದನ್ನೂ ಬರೆದಿರಬೇಕು. ನಾಲ್ಕು ದಿಕ್ಕಿನ ಚೆಕ್ಕುಬಂದಿಯೊಂದನ್ನು ಬಿಟ್ಟು ಎಲ್ಲವೂ ಇತ್ತು.

"ಕೋರ್ಟಲ್ಲಿ ಏನಾದರೂ ಕೇಸಿದೆಯಾ?" ಎಂದೆ.

ಅಣ್ಣ ಫ್ಯಾನು ನೋಡಿದ. ಮೊದಲ ಸಲ ತಂಗಿ ಬಾಯಿ ಬಿಟ್ಟಳು. "ಅವ್ರು ಹಾಕವ್ರೆ ಮೇಡಂ. ಮಗು ನಂಗೆ ಬೇಕು ಅಂತ. ಇಲ್ಲೇ, ಫ್ಯಾಮಿಲಿ ಕೋರ್ಟಲ್ಲಿ."

ಹಕ್ಕು ಬಾಧ್ಯತೆ ಇಲ್ಲದವನು ಮಗುವಿಗಾಗಿ ದಾವೆ ಹೂಡಿದ್ದ! ನಾನು ಸಮಾಧಾನವಾಗಿಯೇ ಹೇಳಿದೆ. ಅಪ್ಪನೂ ಪಾಲಕನೇ, ಅಮ್ಮನೂ ಪಾಲಕಳೇ. ಅದನ್ನು ತೆಗೆದುಹಾಕುವುದು ನ್ಯಾಯಾಲಯಕ್ಕೆ ಮಾತ್ರ ಸಾಧ್ಯ, ನೋಟರಿಗೆ ಆಗುವುದಿಲ್ಲ. ಒಬ್ಬರ ಸಹಿಯೇ ಸಾಕಾಗುವ ಸಂದರ್ಭಗಳೂ ಇವೆ. ಇನ್ನೊಬ್ಬರು ಪತ್ತೆಯೇ ಇಲ್ಲದಿದ್ದರೆ, ಅಥವಾ ತಕರಾರೇ ಇಲ್ಲದಿದ್ದರೆ, ಮಗುವಿಗೆ ತಡೆಯಲಾಗದ ತುರ್ತು ಇದ್ದರೆ ನಾನು ಕಾಯುವುದಿಲ್ಲ. ಇಲ್ಲಿ ಅಪ್ಪ ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಕೂತಿದ್ದಾನೆ, ಮಗು ಬೇಕು ಎಂದು ಕೇಸೂ ಹಾಕಿದ್ದಾನೆ. ಅವನನ್ನು ಕೇಳದೆ ಮಾಡಿದರೆ ನಾಳೆ ಆ ವರದಿಯನ್ನು ಅವನ ವಕೀಲ ಹರಿದು ಹಾಕುತ್ತಾನೆ, ಮಗು ಮತ್ತೆ ಮೊದಲಿನಿಂದ ಕೂರಬೇಕಾಗುತ್ತದೆ. ಇಷ್ಟು ಹೇಳಿ, ಪರೀಕ್ಷೆ ಏನು, ಯಾಕೆ, ವರದಿ ಯಾರ ಕೈಗೆ ಹೋಗುತ್ತದೆ ಎಂದು ಕನ್ನಡದಲ್ಲಿ ಬರೆದ ಹಾಳೆಯನ್ನೂ ಒಪ್ಪಿಗೆ ಪತ್ರವನ್ನೂ ಕೊಟ್ಟೆ. ಸಹಿ ಬಂದ ಮೇಲೂ ನಾನೇ ಅವರಿಗೆ ಫೋನ್ ಮಾಡಿ ಕೇಳುತ್ತೇನೆ ಎಂದೂ ಹೇಳಿದೆ.

ಮೂರನೇ ದಿನವೇ ಮಾವ ಗೆದ್ದ ಮುಖ ಹೊತ್ತು ಬಂದ. ಎರಡೂ ಸಹಿ ಬಿದ್ದಿದ್ದವು, ಎರಡೂ ಒಂದೇ ಹಸಿರು ಇಂಕಿನಲ್ಲಿ. ಕಡು ದ್ವೇಷದಲ್ಲಿರುವ ಗಂಡ ಹೆಂಡತಿ ಒಂದೇ ಪೆನ್ನು ಹಂಚಿಕೊಂಡಿದ್ದರು. ಅವನೆದುರೇ ಅರಕಲಗೂಡಿಗೆ, ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ.

"ಯಾವ ಫಾರಂ? ನಾನ್ಯಾವಾಗ ಸೈನ್ ಆಕ್ದೆ?" ಎಂದಿತು ಆ ಕಡೆಯ ದನಿ.

ಫೋನಿಟ್ಟು ಮಾವನ ಮುಖ ನೋಡಿದೆ. ನಾಚಿಕೆಯ ಸುಳಿವೇ ಇಲ್ಲ. "ಒಂದ್ ಸೈನ್ ತಾನೇ ಮೇಡಂ. ಆಲಿನ ಡೈರೀಲಿ ನಮ್ಮಪ್ಪಂದೂ ನಾನೇ ಆಕದು, ಯಾರೂ ಕೇಳಕಿಲ್ಲ. ನೀವೊಬ್ರು ಇಂಗೆ."

ನಮ್ಮ ಕಡೆ ಸಹಿ ಎಂದರೆ ಇಷ್ಟೇ. ಮನೆಯಲ್ಲಿ ಪೆನ್ನು ಯಾರ ಕೈಗೆ ಸಿಕ್ಕಿತೋ ಅವರ ಕೆಲಸ. ಆ ಹಾಳೆಯನ್ನು ಕಡತದಲ್ಲಿಟ್ಟು ನಡೆದದ್ದನ್ನು ಬರೆದುಕೊಂಡು ಅವನನ್ನು ಕಳಿಸಿದೆ.

ಮುಂದಿನ ವಾರ ಅಪ್ಪ ಬಂದ, ಜೊತೆಯಲ್ಲಿ ಮಾತಾಡಲು ತನ್ನ ದೊಡ್ಡಪ್ಪನನ್ನು ಕರೆದುಕೊಂಡು. ಈ ಮನೆಗಳ ಗಂಡಸರಿಗೆ ಬಾಯಿ ಬಾಡಿಗೆಗೆ ಯಾಕೆ ಬೇಕೋ ನನಗೆ ಇವತ್ತಿಗೂ ತಿಳಿಯದು. ದೊಡ್ಡಪ್ಪ ಕೂತವರೇ ಶುರುಮಾಡಿದರು. "ನಮ್ ವಂಶದಾಗೆ ಯಾರ್ಗೂ ತಲೆ ಕೆಟ್ಟಿಲ್ಲ ಕಣಮ್ಮ. ಉಚ್ಚು ಅಂತ ಬರ್ದು ಕೊಟ್ರೆ ನಾಳೆ ಮದ್ವೆ ಯಾರ್ ಮಾಡ್ಕತಾರೆ?"

ಹುಡುಗಿಗೆ ಏಳು ವರ್ಷ. ಹಾಲುಹಲ್ಲು ಇನ್ನೂ ಬೀಳುತ್ತಿದ್ದವು. ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ, ಬುದ್ಧಿ ಚೆನ್ನಾಗಿರುವ ಮಕ್ಕಳಿಗೂ ಓದುವುದು ಕಷ್ಟವಾಗುತ್ತದೆ ಎಂದು ಎರಡು ಸಲ ಬಿಡಿಸಿ ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ.

"ಸೈನ್ ಆಕ್ತೀನಿ ಮೇಡಂ. ಆದ್ರೆ ಅವ್ರಮ್ಮನ ಮನೇಲಿ ಇದ್ದೇ ಇಂಗಾಯ್ತು ಅಂತ ಒಂದು ಮಾತು ಬರೀಬೇಕು."

"ಪರೀಕ್ಷೆ ಆಗೋ ಮುಂಚೆಯೇ ಫಲಿತಾಂಶ ಬೇಕಾ?"

"ಅಂಗಲ್ಲ... ನಮ್ ಲಾಯರ್ ಏಳಿದ್ರು."

ಷರತ್ತಿನ ಒಪ್ಪಿಗೆ ಒಪ್ಪಿಗೆಯಲ್ಲ ಎಂದೆ. ಹಾಗಾದರೆ ತನ್ನ ಮಗಳನ್ನು ಮುಟ್ಟಬೇಡಿ ಎಂದು ಒಂದು ಹಾಳೆಯಲ್ಲಿ ಬರೆದು, ಸ್ವಂತ ಕೈಯಲ್ಲೇ ಸಹಿ ಮಾಡಿ ಎದ್ದ. ಆ ದೊಡ್ಡಪ್ಪ ಬಾಗಿಲಲ್ಲಿ ತಿರುಗಿ, ಹೆಣ್ಣು ಮಗು ತಾನೇ, ಓದು ಬರದಿದ್ದರೆ ಏನು ಮುಳುಗಿಹೋಯಿತು ಎಂದು ಹೇಳಿ ಹೋದರು. ನನಗೆ ಅಸಹ್ಯವಾಯಿತು.

ತಾಯಿಯನ್ನು ಒಬ್ಬಳನ್ನೇ ಕರೆಸಿದೆ. ಇನ್ನು ಉಳಿದದ್ದು ಒಂದೇ ದಾರಿ, ನಡೆಯುತ್ತಿರುವ ಕೇಸಿನಲ್ಲೇ ನಿಮ್ಮ ವಕೀಲರಿಂದ ಮಧ್ಯಂತರ ಅರ್ಜಿ ಹಾಕಿಸಿ, ಪರೀಕ್ಷೆ ಮಾಡಿಸಲು ನ್ಯಾಯಾಧೀಶರೇ ಹೇಳಲಿ ಎಂದೆ. ಅವಳು ತಲೆಯಾಡಿಸಿ, ಹೊರಡುವಾಗ ಮೆಲ್ಲಗೆ ಕೇಳಿದಳು. "ಅವ್ರಪ್ಪ ನಂಗೆ ಒಡೆಯೋದು ಕಂಡು ಎದ್ರಿ ಇಂಗಾಗೈತೆ ಅಂತ ನೀವು ಬರೀಬೌದಲ್ವಾ ಮೇಡಂ?" ಅವಳೂ ಅಷ್ಟೇ. ಅವಳು ಹೇಳಿದ್ದು ನಿಜವೂ ಇರಬಹುದು, ನ್ಯಾಯಾಧೀಶರ ಮುಂದೆ ಹೇಳಬೇಕಾದ ಮಾತೂ ಹೌದು. ಆದರೆ ಓದಿನ ಪರೀಕ್ಷೆ ಅದನ್ನು ಹೇಳುವುದಿಲ್ಲ.

ಶಾಲೆಗೆ ನಾನೇ ಫೋನ್ ಮಾಡಿದೆ, ತಾಯಿಯ ಅನುಮತಿ ಪಡೆದು. ಮಗುವಿಗೆ ದಿನಕ್ಕೆ ಅರ್ಧ ಗಂಟೆ ಅಕ್ಷರ ಹೇಳಿಕೊಡಲು ಯಾರ ವರದಿಯೂ ಬೇಕಿಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಲು ಯಾವ ಕೋರ್ಟಿನ ಆದೇಶವೂ ಬೇಕಿಲ್ಲ ಎಂದೆ. ಮುಖ್ಯೋಪಾಧ್ಯಾಯಿನಿ, ನೋಡೋಣ ಮೇಡಂ, ಸ್ಟಾಫ್ ಶಾರ್ಟೇಜು ಎಂದರು. ಟಿ.ಸಿ. ಮಾತು ನಿಂತಿತು. ಬೆಂಚು ಬದಲಾಗಲಿಲ್ಲ.

ಅರ್ಜಿಯ ವಿಚಾರಣೆಯ ಮೊದಲ ದಿನ ಅಪ್ಪನ ವಕೀಲ ಸಮಯ ಕೇಳಿದ. ಎರಡನೇ ದಿನ ಆಕ್ಷೇಪಣೆ ತಯಾರಿರಲಿಲ್ಲ. ಮೂರನೇ ದಿನ ನ್ಯಾಯಾಧೀಶರು ರಜೆ. ದಸರೆ ಮುಗಿಯಿತು, ದೀಪಾವಳಿ ಮುಗಿಯಿತು. ಕೊನೆಗೆ ಆದೇಶ ಬಂತು. ನಮ್ಮಲ್ಲೇ ಪರೀಕ್ಷೆ ನಡೆಯಲಿ, ಇಬ್ಬರೂ ಸಹಕರಿಸಲಿ, ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಇಬ್ಬರಿಗೂ ಪ್ರತಿ ಕೊಡಲಿ. ಇಬ್ಬರೂ ಬಂದು ನನ್ನೆದುರು ಹಾಳೆ ಓದಿ ಸಹಿ ಮಾಡಿದರು, ಬೇರೆ ಬೇರೆ ಪೆನ್ನಿನಲ್ಲಿ. ಅವನು ಒಂದು ಗೋಡೆ ನೋಡುತ್ತಿದ್ದ, ಅವಳು ಇನ್ನೊಂದು. ನನಗೆ ಒಳಗೊಳಗೇ ಖುಷಿಯಾಗಿತ್ತು. ಈ ಮೂರ್ಖರ ನಡುವೆ ಒಂದೇ ಒಂದು ಕೆಲಸವನ್ನು ನಿಯಮಬದ್ಧವಾಗಿ ಮಾಡಿ ತೋರಿಸಿದೆ ಎಂಬ ಹಮ್ಮು ಅದು.

ಮಾರನೆಯ ದಿನ ಬೆಳಿಗ್ಗೆ ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕಿದೆ. ಜೂನಿನಿಂದ ಅವಳ ಪರೀಕ್ಷೆಯ ಬಗ್ಗೆ ಐದು ಜನ ದೊಡ್ಡವರ ಜೊತೆ ಜಗಳವಾಡಿದ್ದೆ. ಅವಳ ಜೊತೆ ನಾನು ಆ ತನಕ ಆಡಿದ ಮಾತು, ಬಣ್ಣದ ಪೆನ್ಸಿಲು ಬೇಕಾ ಎಂಬುದಷ್ಟೇ. ಈಗ ಪದ್ಧತಿಯಂತೆ ಹೇಳಿದೆ. ನಾವಿಬ್ಬರೂ ಸ್ವಲ್ಪ ಹೊತ್ತು ಓದೋಣ, ಚಿತ್ರ ನೋಡೋಣ, ಓದುವುದು ನಿನಗೆ ಯಾಕೆ ಕಷ್ಟ ಅಂತ ತಿಳಿದುಕೊಳ್ಳೋಣ, ನಿನಗೆ ಬೇಡ ಅನ್ನಿಸಿದರೆ ಹೇಳಬಹುದು. ಸರಿನಾ?

ಅವಳು ಮೇಜಿನ ಮೇಲೆ ತೆರೆದಿಟ್ಟಿದ್ದ ಪುಸ್ತಕವನ್ನು ನೋಡಿದಳು, ಮುಟ್ಟಲಿಲ್ಲ.

"ಮಿಸ್, ಸರಿಯಾಗಿ ಓದಿದ್ರೆ ನಾನು ಯಾರ ಮನೇಲಿರ್ಬೇಕು?"

ನಾನು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟೆ.

"ತಪ್ಪು ಓದಿದ್ರೆ ಯಾರ ಮನೇಲಿ? ಮಾವ ತಪ್ಪೇ ಓದು, ಆಗ ಎಲ್ಲಾ ಅಪ್ಪನಿಂದಲೇ ಆಯ್ತು ಅಂತಾರೆ ಅಂದ್ರು. ಅಪ್ಪ ಫೋನಲ್ಲಿ ಚೆನ್ನಾಗಿ ಓದು, ನಮ್ ವಂಶದ ಮರ್ಯಾದೆ ಹೋಗ್ಬಾರ್ದು ಅಂದ್ರು. ನಂಗೆ ಓದಕ್ಕೇ ಬರಲ್ಲ ಮಿಸ್."

ಇದಕ್ಕೂ ನಿನ್ನ ಮನೆಗೂ ಸಂಬಂಧವಿಲ್ಲ ಪುಟ್ಟಿ ಎಂದು ಹೇಳಲು ಬಾಯಿ ತೆರೆದೆ. ಈ ವರದಿ ಇಲ್ಲಿಂದ ನೇರವಾಗಿ ಹೋಗುವುದು ಅದನ್ನೇ ತೀರ್ಮಾನಿಸುವವರ ಮೇಜಿಗೆ ಎಂದು ಆಗ ನೆನಪಾಯಿತು. ಅದನ್ನು ಅಲ್ಲಿಗೆ ಕಳಿಸುವ ದಾರಿ ತೋರಿಸಿದವಳು ನಾನೇ. ಅವಳು ನನ್ನ ಉತ್ತರಕ್ಕೆ ಕಾಯುತ್ತಾ ಕೂತಿದ್ದಳು. ಇವತ್ತು ಓದೋದು ಬೇಡ ಎಂದು ನಾನು ಪುಸ್ತಕ ಮುಚ್ಚಿದೆ.