ಬಿಸಿಲಿಗೆ ಬೆನ್ನು ಹಾಕಿದ ಗುಡ್ಡ

ತಪ್ಪು ಯಾರದೆಂದು ಗೊತ್ತಾಗುವ ಮೊದಲೇ ಯಾರದೋ ತಲೆಗೆ ಕಟ್ಟಿಬಿಡುವುದು ನನ್ನ ಹಳೆಯ ಚಾಳಿ. ಹೆಂಡತಿ ಅದನ್ನು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾಳೆ. ನಾನು ಮಾತ್ರ ಬಿಟ್ಟಿರಲಿಲ್ಲ.

ಸಕಲೇಶಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಇರುವವರು ಇಬ್ಬರೇ, ನಾನು ಮತ್ತು ಪಾಳ್ಯದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ. ಲಾರಿ ಓಡಿಸಲು ಕಲಿಯುವವರಿಗೆ ಘಾಟಿ ರಸ್ತೆಯನ್ನು ಕಂಪ್ಯೂಟರಿನೊಳಗೆ ಕಟ್ಟಿಕೊಡುವುದು ಆಗ ನಮ್ಮ ಕೈಯಲ್ಲಿದ್ದ ಕೆಲಸ. ಗುಡ್ಡ, ತಿರುವು, ಮರಗಳೆಲ್ಲ ಅವಳವು. ಬಿಸಿಲೆ ಘಾಟಿಗೆ ಸ್ಕೂಟರಿನಲ್ಲಿ ಹೋಗಿ ಒಂದೊಂದು ತಿರುವಿನ ಫೋಟೊ ತೆಗೆದು, ಅದನ್ನು ನೋಡಿಕೊಂಡು ಮಾಡಿದ್ದಳು. ಅವುಗಳ ಮೇಲೆ ಬಿಸಿಲು ಬೀಳಿಸುವ ಶೇಡರ್, ಅಂದರೆ ಪರದೆಯ ಒಂದೊಂದು ಚುಕ್ಕಿಗೂ ಬಣ್ಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್, ನನ್ನದು.

ಒಂದು ಬೆಳಿಗ್ಗೆ ಹಾಸನದಿಂದ, ಈ ಕೆಲಸ ಕೊಟ್ಟಿದ್ದ ಡ್ರೈವಿಂಗ್ ಸ್ಕೂಲಿನವರ ಫೋನು ಬಂತು. "ಏನ್ ಮಾರಾಯ, ಅರ್ಧ ಗುಡ್ಡ ಸುಟ್ಟು ಕರ್ರಗಾಗ್ಬುಟ್ಟೈತಲ್ಲ!" ನನ್ನ ಮಶೀನಿನಲ್ಲಿ ನೋಡಿದೆ, ಗುಡ್ಡ ಹಸಿರಾಗೇ ಇತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಕಪ್ಪು. ಅವರದ್ದೂ ಅವಳದ್ದೂ ಒಂದೇ ಕಂಪನಿಯ ಗ್ರಾಫಿಕ್ಸ್ ಕಾರ್ಡು, ನನ್ನದು ಬೇರೆ. ಇಷ್ಟು ತಿಳಿದ ಮೇಲಾದರೂ ನಾಲಿಗೆ ಬಿಗಿಹಿಡಿಯಬೇಕಿತ್ತು. ಅವಳೆದುರಿಗೇ ಫೋನಿನಲ್ಲಿ ಹೇಳಿಬಿಟ್ಟೆ, "ನಮ್ಮ ಹುಡುಗಿ ಮಾಡಿದ ಗುಡ್ಡದಲ್ಲೇ ಏನೋ ತಪ್ಪೈತೆ."

"ಹಂಗಾದ್ರೆ ಕೆಲ್ಸ ಬರೋರ ಕೈಲಿ ಮಾಡ್ಸಿ ಕಣ್ರೀ," ಎಂದರು ಅವರು.

ಅವಳು ಮೂರು ದಿನ ತಲೆಯೆತ್ತದೆ ಇಳಿಜಾರುಗಳನ್ನು ಮತ್ತೆ ಕಟ್ಟಿದಳು. ಕಪ್ಪು ಹೋಗಲಿಲ್ಲ. ಬೇರೆಯವರನ್ನು ಹುಡುಕಬೇಕಾಗುತ್ತದೇನೋ ಎಂದು ನಾನೂ ಗೊಣಗಿದ್ದೆ. ಅದು ಅವಳಿಗೆ ಕೇಳಿಸಿತ್ತು.

ನಾಲ್ಕನೆಯ ದಿನ ಅವಳೇ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫ್ರೇಮಿನ ಕ್ಯಾಪ್ಚರ್ ತೆಗೆದು ಕಳಿಸಿದಳು. ಆ ಒಂದು ಕ್ಷಣದ ಚಿತ್ರ ಬರೆಯಲು ಕಾರ್ಡಿಗೆ ಹೋದ ಅಪ್ಪಣೆಗಳೆಲ್ಲ, ಬೇಕಾದ ಸಾಮಾನಿನ ಸಮೇತ, ಆ ಫೈಲಿನಲ್ಲಿರುತ್ತವೆ. ನನ್ನ ಮಶೀನಿನಲ್ಲಿ ತೆರೆದೆ. ಗುಡ್ಡ ಹಸಿರು!

"ನೋಡು, ಶೇಡರ್ ಸರಿಯಾಗೈತೆ," ಎಂದೆ ಗೆದ್ದವನ ಹಾಗೆ.

"ಆ ಫೈಲೊಳಗೆ ನನ್ ಗುಡ್ಡಾನೂ ಐತಲ್ಲಣ್ಣ? ಗುಡ್ಡ ಕೆಟ್ಟಿದ್ರೆ ನಿಮ್ಮಲ್ಲೂ ಕಪ್ಪಾಗ್ಬೇಕಿತ್ತಲ್ಲ?"

ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದವನು ಕ್ಯಾಪ್ಚರನ್ನು ಫೋಟೊ ಅಂದುಕೊಂಡು ನೋಡಿದ್ದೆ. ಅದು ಫೋಟೊ ಅಲ್ಲ, ಅಡುಗೆ ಮಾಡುವ ಬಗೆ ಬರೆದಿಟ್ಟ ಚೀಟಿ. ತೆರೆದವರ ಕಾರ್ಡೇ ಅದನ್ನು ಮೊದಲಿಂದ ಬೇಯಿಸುತ್ತದೆ. ನನ್ನ ಒಲೆಯಲ್ಲಿ ಬೇಯಿಸಿ ಅವಳ ಅನ್ನ ಸೀದಿಲ್ಲ ಎನ್ನುತ್ತಿದ್ದೆ.

ಅವಳ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಕಪ್ಪಾದ ಒಂದು ಚುಕ್ಕಿಯನ್ನು ಆರಿಸಿ, ಅದರ ಮೇಲೆ ಯಾವ ಯಾವ ಅಪ್ಪಣೆ ಏನೇನು ಬರೆದಿದೆ ಎಂಬ ಚರಿತ್ರೆ ತೆಗೆದಳು. ಆಕಾಶ ಬರೆದಾಗ ಸರಿಯಾದ ಅಂಕಿ. ಗುಡ್ಡ ಬರೆದ ಕೂಡಲೇ ಕೆಂಪು, ಹಸಿರು, ನೀಲಿ ಮೂರರಲ್ಲೂ 'ನ್ಯಾನ್', ಅಂದರೆ ಸಂಖ್ಯೆಯೇ ಅಲ್ಲದ್ದು; ಪರದೆ ಅದನ್ನು ಕಪ್ಪಾಗಿ ತೋರಿಸುತ್ತಿತ್ತು. ಆಮೇಲೆ ಕ್ಯಾಪ್ಚರ್ ತೆರೆಯುವ ಟೂಲಿನೊಳಗೇ ನನ್ನ ಶೇಡರನ್ನು ತಿದ್ದುತ್ತಾ, ಒಂದೊಂದು ಹಂತದ ಲೆಕ್ಕವನ್ನೂ ಬಣ್ಣವಾಗಿ ಹೊರಗೆ ಹಾಕಿಸುತ್ತಾ ಬಂದಳು. ಬಿಸಿಲಿನ ಲೆಕ್ಕ ಹಾಕುವ ಒಂದು ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

"ಕಪ್ಪಾಗಿರೋದೆಲ್ಲ ಬಿಸಿಲಿಗೆ ಬೆನ್ನು ಹಾಕಿರೋ ಕಡೆ, ನೋಡ್ರಣ್ಣ."

ನೋಡಿದೆ. ಬಿಸಿಲಿಗೆ ಎದುರಾದ ಇಳಿಜಾರಿನಲ್ಲಿ ಆ ಲೆಕ್ಕ ಸೊನ್ನೆಗಿಂತ ಮೇಲೆ, ಬೆನ್ನು ಹಾಕಿದ ಕಡೆ ಕೆಳಗೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕಾದಲ್ಲಿ ನಾನು ಘಾತ ತೆಗೆಯುವ ಫಂಕ್ಷನ್‌ಗೆ ಕೊಟ್ಟಿದ್ದೆ. ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ನನ್ನ ಕಾರ್ಡಿನ ಕಂಪೈಲರ್ ಅದನ್ನು ತಾನಾಗಿಯೇ ಗುಣಾಕಾರ ಮಾಡಿಕೊಂಡು ನನ್ನ ಮಾನ ಕಾಪಾಡುತ್ತಿತ್ತು. ಅವಳ ಕಾರ್ಡು ಲಾಗರಿದಮ್ ದಾರಿ ಹಿಡಿದಿತ್ತು. ಸೊನ್ನೆಗಿಂತ ಕೆಳಗಿನದಕ್ಕೆ ಆ ದಾರಿಯಲ್ಲಿ ಉತ್ತರವಿಲ್ಲ. ಹಾಗೆ ಕೊಡಬಾರದೆಂದು ಶೇಡರ್ ಭಾಷೆಯ ಪುಸ್ತಕದಲ್ಲೇ ಇದೆ. ತಪ್ಪು ಕಾರ್ಡಿನದಲ್ಲ, ನನ್ನದು.

ಸಾಲನ್ನು ಗುಣಾಕಾರಕ್ಕೆ ಬದಲಿಸಿದೆ. ಅವಳ ಪರದೆಯ ಮೇಲೆ ಬಿಸಿಲೆಯ ಗುಡ್ಡಗಳು ಇಡಿಯಾಗಿ ಹಸಿರಾದವು. ಅವಳ ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ನನಗೆ ನಾಚಿಕೆಯಾಯಿತು. ಮೂರು ದಿನ ಅವಳು ಕೆಡವಿ ಕಟ್ಟಿದ್ದೆಲ್ಲ ಮೊದಲೇ ಸರಿಯಾಗಿತ್ತು.

"ಸರಿಹೋಯ್ತು ಅಂತ ಹಾಸನಕ್ಕೆ ಮೆಸೇಜ್ ಹಾಕ್ತೀನಿ," ಎಂದೆ.

ಅವಳು ಮೇಜಿನ ಮೇಲಿದ್ದ ನನ್ನ ಫೋನನ್ನು ಎತ್ತಿ ಕೈಗೆ ಕೊಟ್ಟಳು.

"ಮೆಸೇಜ್ ಬ್ಯಾಡ ಕಣಣ್ಣ. ಅವತ್ತು ಫೋನಲ್ಲಿ, ನಾನ್ ಕೇಳೋ ಹಂಗೆ ಹೇಳಿದ್ರಿ. ಇವತ್ತೂ ಹಂಗೇ ಹೇಳಿ."