ಅಂಜಿನಪ್ಪ ಮೇಸ್ತ್ರಿಯ ಅಳತೆ ದಾರ

ನ್ಯಾಮತಿಯ ಸಂತೆ ಮೈದಾನದ ಪಕ್ಕ, ಹುಣಸೇಮರದ ಬುಡದಲ್ಲಿ ಅಂಜಿನಪ್ಪ ಮೇಸ್ತ್ರಿ ಕೂರುತ್ತಿದ್ದ. ಎದುರಿನ ಶಾಲೆಯಲ್ಲಿ ನಾನು ಮೇಷ್ಟ್ರು. ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಅವನು ಕಟ್ಟಿದ ಮನೆಗಳು ಅರವತ್ತಕ್ಕೂ ಮೇಲೆ. ಅವನು ಮಲಗುತ್ತಿದ್ದುದು ಮಾತ್ರ ಅಂಗಡಿಯೊಂದರ ಜಗಲಿಯ ಮೇಲೆ. ಮದುವೆಯಾದ ಎರಡನೇ ವರ್ಷವೇ ಹೆಂಡತಿ ಪ್ಲೇಗಿನಲ್ಲಿ ಹೋಗಿದ್ದಳು. ಆಮೇಲೆ ಇನ್ನೊಂದು ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ, "ಕೆಲಸ ಇತ್ತು ಮೇಷ್ಟ್ರೇ" ಅನ್ನುತ್ತಿದ್ದ.

ಅವನ ಬಾಯಿ ಕೆಟ್ಟದ್ದು, ಅದನ್ನು ನಾನು ಮುಚ್ಚಿಡುವುದಿಲ್ಲ. "ಮೇಸ್ತ್ರಿ, ಮನೆ ಕಟ್ಟಿಸಬೇಕು, ಒಂದು ನಕ್ಷೆ ಹೇಳ್ರಿ" ಅಂತ ಯಾರಾದರೂ ಬಂದರೆ ನಾಲ್ಕು ಪ್ರಶ್ನೆ ಎಸೆಯುತ್ತಿದ್ದ. ಜಾಗ ಎಷ್ಟು? ದಾರಿ ಯಾವ ದಿಕ್ಕಿಗೈತೆ? ಯಜಮಾನನ ಮೊಳ ಎಷ್ಟು? ಮನೇಲಿ ಯಾರ್ಯಾರು ಇರ್ತಾರೆ? ನಾಲ್ಕರಲ್ಲಿ ಒಂದು ತಪ್ಪಿದರೂ, "ಗೊತ್ತಾದ ಮೇಲೆ ಬಾ" ಎಂದು ಅಟ್ಟಿಬಿಡುತ್ತಿದ್ದ. ನಲ್ಲೂರಿನ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರನ್ನೇ ಮೂರು ಸಲ ಬರಿಗೈಯಲ್ಲಿ ಕಳಿಸಿದ್ದ. "ಏಳು ಅಂಕಣದ ಮನೆ ಅಂತ ಹೇಳಿದೆನಲ್ಲಯ್ಯ" ಎಂದು ಅವರು ರೇಗಿದರೆ, "ಅಂಕಣ ಅಂದ್ರೆ ಎರಡು ಕಂಬದ ನಡುವಿನ ಜಾಗ ಸ್ವಾಮಿ. ನಿಮ್ಮ ತೊಲೆ ಎಷ್ಟುದ್ದ ಅಂತ ನನಗೇನು ಕನಸು ಬೀಳ್ತದಾ?" ಅಂದಿದ್ದ.

ಮೊಳದ ವಿಷಯದಲ್ಲಂತೂ ಅವನದು ದೊಡ್ಡ ಕಟ್ಟುನಿಟ್ಟು. ಮನೆಯ ಅಳತೆ ಯಜಮಾನನ ಕೈಯಿಂದಲೇ ಆಗಬೇಕು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದು ಗಂಟು ಹಾಕುತ್ತಿದ್ದ. ಆ ಮೊಳದಲ್ಲಿ ಉದ್ದ, ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಬೆಸವಾದರೆ ಆಯ, ಅಂದರೆ ಮನೆಯ ಶುಭಾಶುಭದ ಲೆಕ್ಕ, ಒಳ್ಳೆಯದು. ಸಮವಾದರೆ ಅಥವಾ ಏನೂ ಉಳಿಯದಿದ್ದರೆ ಗೋಡೆಯನ್ನೇ ಸರಿಸುತ್ತಿದ್ದ. ಗೃಹಪ್ರವೇಶದ ದಿನ ಆ ದಾರವನ್ನು ಮನೆಯ ತೊಲೆಗೆ ಕಟ್ಟಿ ಕೈ ಮುಗಿದು ಬರುತ್ತಿದ್ದ. ಒಬ್ಬರ ದಾರ ಇನ್ನೊಬ್ಬರ ಮನೆಗಾಗದು, ಇಟ್ಟುಕೊಳ್ಳುವಂತೆಯೂ ಇಲ್ಲ.

ಸಾವಿರದ ಒಂಬೈನೂರ ನಲವತ್ತೊಂದರ ಮಾಘದಲ್ಲಿ, ಪ್ರತಿ ವರ್ಷದಂತೆ ಜಗಳೂರು ಸೀಮೆಯ ಕುರಿ ಮಂದೆಗಳು ನಮ್ಮ ಕಡೆ ಇಳಿದವು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಮಳೆ ಬೀಳುವ ಹೊತ್ತಿಗೆ ಹೊರಟುಬಿಡುತ್ತಾರೆ. ಆ ಮಂದಿಯಲ್ಲಿ ದುರುಗಮ್ಮ ಎಂಬ ಹೆಂಗಸು ಸಂತೆಗೆ ಕಂಬಳಿ ಮಾರಲು ಬಂದಳು. ನಲವತ್ತರ ಆಸುಪಾಸು, ಗಂಡ ಇಲ್ಲ, ಅಣ್ಣನ ಮಂದೆಯ ಹಿಂದೆ ಊರೂರು ನಡೆಯುವವಳು. ನೆರಳಿಗೆ ಅಂತ ಹುಣಸೇಮರದ ಕೆಳಗೆ ಕೂತಳು.

"ಮೇಸ್ತ್ರಿ, ಒಂದು ಮನೆ ಹೆಂಗಿದ್ರೆ ಚೆಂದರೀ?" ಅಂದಳು.

"ಜಾಗ ಎಷ್ಟೈತೆ?"

"ಇಲ್ಲ."

"ದಾರಿ ಯಾವ ಕಡೆ?"

"ನಾವಿರೋದೇ ದಾರಿಯಾಗ."

"ಹಂಗಾದ್ರೆ ನನ್ನ ತಲೆ ತಿನ್ನಾಕೆ ಬಂದ್ಯಾ?" ಎಂದು ಮೇಸ್ತ್ರಿ ಗುರ್ ಅಂದ. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಅವಳು ನಕ್ಕು, ಕಂಬಳಿ ಮಡಿಸುತ್ತಾ ಅಲ್ಲೇ ಕೂತಳು.

ಮುಂದಿನ ಸಂತೆಗೂ ಅದೇ ಪ್ರಶ್ನೆ. ಅದರ ಮುಂದಿನದಕ್ಕೂ ಅದೇ. ಅಣ್ಣ ಒಂದಲ್ಲ ಒಂದು ದಿನ ಅಲೆಯುವುದು ಬಿಟ್ಟು ನಿಲ್ಲುತ್ತಾನೆ, ಆಗ ತನಗೊಂದು ಸೂರು ಬೇಕು ಎಂಬುದು ಅವಳ ಆಸೆ. ನಾಲ್ಕನೇ ವಾರ ಮೇಸ್ತ್ರಿ ತನ್ನ ಒಂದು ಪ್ರಶ್ನೆಗೂ ಉತ್ತರ ಸಿಗದೆಯೇ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದದ್ದನ್ನು ಕಿಟಕಿಯಿಂದ ನೋಡಿ ನಾನು ಪಾಠವನ್ನೇ ಮರೆತೆ. ಮೂವತ್ತು ವರ್ಷದಲ್ಲಿ ಅವನು ಹಾಗೆ ಮಾಡಿದ್ದಿಲ್ಲ! "ದಾರಿ ಮೂಡಲಕ್ಕೈತೆ ಅಂತ ಇಟ್ಕೋ" ಅನ್ನುತ್ತಿದ್ದ. "ಬಾಗಿಲು ಮೂಡಲಕ್ಕೆ. ಒಲೆ ಆಗ್ನೇಯದಾಗ. ಇಲ್ಲಿ ನೀರಿನ ಹಂಡೆ." ಅವಳು, "ಇಲ್ಲಿ ಕಂಬಳಿ ನೇಯಾಕೆ ಮಗ್ಗದ ಗುಣಿ ಬೇಕ್ರೀ, ಬೆಳಕು ಬೀಳಬೇಕು" ಅಂದಳು. ಅವನು ಗೋಡೆ ಅಳಿಸಿ ಕಿಟಕಿ ಇಟ್ಟ.

ಸಂತೆಯ ದಿನ ಅವನು ಮುಖ ಕ್ಷೌರ ಮಾಡಿಸಿಕೊಳ್ಳತೊಡಗಿದ. ನಾನು ಛೇಡಿಸಿದೆ. ಬೈಯಲಿಲ್ಲ. ಅವನಿಗೆ ಏನೋ ಆಗಿದೆ ಅಂತ ಗೊತ್ತಾದದ್ದು ಆಗಲೇ.

ಒಂದು ಸಂತೆಗೆ ದಾರ ತಂದಿದ್ದ. ಅವಳ ಕೈಯನ್ನು ತಾನು ಮುಟ್ಟಲಿಲ್ಲ. ದಾರದ ತುದಿ ಕೊಟ್ಟ, ಅವಳೇ ಮೊಣಕೈಗೆ ಒತ್ತಿ ಹಿಡಿದು ಬೆರಳ ತುದಿಯವರೆಗೆ ಎಳೆದಳು, ಅಲ್ಲಿಗೆ ಅವನು ಗಂಟು ಹಾಕಿದ. "ಉದ್ದ ಹನ್ನೊಂದು, ಅಗಲ ಒಂಬತ್ತು. ತೊಂಬತ್ತೊಂಬತ್ತು. ಎಂಟರಿಂದ ಭಾಗಿಸಿದ್ರೆ ಮೂರು ಉಳೀತದೆ, ಸಿಂಹಾಯ. ಚಲೋ ಐತೆ" ಅಂದ. ಅವನ ದನಿ ಅಷ್ಟು ಮೆತ್ತಗಿದ್ದದ್ದು ನಾನು ಕೇಳಿರಲಿಲ್ಲ.

ಉಳಿದದ್ದು ನಾಲ್ಕನೇ ಪ್ರಶ್ನೆ. ರೋಹಿಣಿ ಮಳೆ ಮೋಡ ಕಟ್ಟುತ್ತಿದ್ದ ಸಂತೆಯಂದು ಅದನ್ನು ಕೇಳಿದ. "ಮನೇಲಿ ಯಾರ್ಯಾರು ಇರ್ತಾರೆ?"

"ನಾನು" ಅಂದಳು ದುರುಗಮ್ಮ. ಮಣ್ಣಿನ ಗೆರೆಗಳನ್ನು ನೋಡಿದಳು. "ಇನ್ನೊಬ್ರು ಇರಬಹುದು. ಗೊತ್ತಿಲ್ರೀ."

ಅದಕ್ಕಿಂತ ಹೆಚ್ಚು ಒಬ್ಬ ಹೆಂಗಸು ಬಾಯಿ ಬಿಟ್ಟು ಏನು ಹೇಳಬೇಕು? ನಾನು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆ, ನನಗೇ ಅರ್ಥವಾಯಿತು. ಆದರೆ ನಮ್ಮ ಮೇಸ್ತ್ರಿಗೆ ಮೂವತ್ತು ವರ್ಷದ ಅಭ್ಯಾಸ. "ಗೊತ್ತಿಲ್ಲಾಂದ್ರೆ ಹೆಂಗೆ? ಗೊತ್ತಾದ ಮೇಲೆ ಬಾ" ಅಂದುಬಿಟ್ಟ.

ಅವಳು ಕಂಬಳಿಗಳನ್ನು ಹೊತ್ತು ಎದ್ದಳು. "ಆಗಲಿ ಬುಡ್ರೀ" ಅಂತಷ್ಟೇ ಅಂದಳು. ಆ ವಾರವೇ ಮಳೆ ಬಿತ್ತು, ಮಂದೆ ಹೊರಟುಹೋಯಿತು. ಮಸಿ ಬಾಟ್ಲಿ ಎತ್ತಿ ಅವನ ತಲೆಗೆ ಎಸೆಯುವಷ್ಟು ಕೋಪ ನನಗೆ ಬಂದಿತ್ತು. ಎಸೆಯಲಿಲ್ಲ, ಏನೂ ಹೇಳಲೂ ಇಲ್ಲ. ನನ್ನದೂ ತಪ್ಪೇ.

ಮುಂದಿನ ಮಾಘಕ್ಕೆ ಬೇರೆ ಮಂದೆಗಳು ಬಂದವು, ಅವಳದು ಬರಲಿಲ್ಲ. ಮೂರು ಸಂತೆ ಕಾದು ಮೇಸ್ತ್ರಿ ಯುದ್ಧಕಾಲದ ಇದ್ದಿಲ ಬಸ್ಸು ಹತ್ತಿದ. ಜಗಳೂರು ಸಂತೆಯಲ್ಲಿ ವಿಚಾರಿಸಿದ, ಬಿಳಿಚೋಡಿಗೆ ನಡೆದ. ಕುರಿಹಟ್ಟಿಯ ಮುಂದೆ ತಿಪ್ಪೇಶಪ್ಪ ಎಂಬ ಮುದುಕರು ಹುರಿ ಹೊಸೆಯುತ್ತಾ ಕೂತಿದ್ದರಂತೆ.

"ದುರುಗಮ್ಮ ಅಂತ, ಕಂಬಳಿ ನೇಯೋರು" ಅಂದ ಮೇಸ್ತ್ರಿ.

"ಯಾವ ಊರಿನೋಳಪ್ಪ?"

"ಈ ಕಡೆಯೋರು."

"ಯಾರ ಮನೆಯೋಳು? ಅಣ್ಣನ ಹೆಸರೇನು?"

"ಗೊತ್ತಿಲ್ಲ."

"ಬೆಡಗು? ಯಾವ ಕುಲದೋಳು?"

"ಕೇಳಲಿಲ್ಲ."

ಮುದುಕರು ಹುರಿ ಕೆಳಗಿಟ್ಟು ಅವನ ಮುಖ ನೋಡಿದರಂತೆ. "ಓಣಿಗೆ ನಾಲ್ಕು ಜನ ದುರುಗಮ್ಮರದಾರೆ. ಏನೂ ಗೊತ್ತಿಲ್ಲದೆ ಹೆಂಗೆ ಹುಡುಕಿ ಕೊಡ್ಲಿ? ಗೊತ್ತು ಮಾಡ್ಕೊಂಡು ಬಾ ಹೋಗಪ್ಪ."

ಎಂಟು ದಿನ ಹಟ್ಟಿಯಿಂದ ಹಟ್ಟಿಗೆ ಅಲೆದು ವಾಪಸು ಬಂದ. ಇದನ್ನೆಲ್ಲ ಶಾಲೆಯ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ. "ಅವಳ ಮನೆ ಒಲೆ ಎಲ್ಲಿ, ಕಿಟಕಿ ಎಲ್ಲಿ, ಎಲ್ಲ ಗೊತ್ತು ಮೇಷ್ಟ್ರೇ. ಅವಳು ಎಲ್ಲಿಯೋಳು ಅಂತ ಗೊತ್ತಿಲ್ಲ" ಅಂದು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಯಾರು ನಕ್ಷೆ ಕೇಳಲು ಬಂದರೂ ಅಟ್ಟುತ್ತಿರಲಿಲ್ಲ. "ಕೂತ್ಕೋರಿ" ಅನ್ನುತ್ತಿದ್ದ. "ನಿಮ್ಮ ಹೆಸರೇನು, ಯಾವೂರು, ಯಾರ ಮನೆಯೋರು?" ಅಂತ ಮೊದಲು ಕೇಳುತ್ತಿದ್ದ. ಜಾಗ, ದಾರಿ, ಮೊಳ ಎಲ್ಲ ಆಮೇಲೆ. ಜನ ಮೇಸ್ತ್ರಿ ಮೆತ್ತಗಾದ ಅಂದರು.

ನಲವತ್ತೇಳರ ಚಳಿಗಾಲದಲ್ಲಿ ಅಂಗಡಿ ಜಗಲಿಯ ಮೇಲೆಯೇ ತೀರಿಕೊಂಡ. ಅವನ ಚೀಲ ಬಿಚ್ಚಿದವನು ನಾನೇ. ತೂಗುಗುಂಡು, ಮಟ್ಟಗೋಲು, ಒಂದು ಹಳೇ ಕಂಬಳಿ. ಅದರ ಮಡಿಕೆಯಲ್ಲಿ ಗಂಟು ಹಾಕಿದ ಒಂದು ದಾರ. ನನ್ನ ಕೈಗೆ ಹಿಡಿದು ನೋಡಿದೆ, ನನ್ನ ಮೊಳಕ್ಕಿಂತ ಎರಡು ಬೆರಳು ಕಮ್ಮಿ ಇತ್ತು. ಕಟ್ಟಲು ನನ್ನ ಬಳಿ ಯಾವ ತೊಲೆಯೂ ಇರಲಿಲ್ಲ. ಅವನ ಮುಷ್ಟಿಯಲ್ಲೇ ಇಟ್ಟು ಮಣ್ಣು ಮಾಡಿಸಿದೆ.