ಶಂಕ್ರೆಪ್ಪನ ಪರದಾ

ಮುಂಬಯಿಯ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಗ್ಯಾಸ್ ಗೀಸರ್ ರಿಪೇರಿ ಮಾಡುತ್ತಿದ್ದ ಧಾರವಾಡದ ಶಂಕ್ರೆಪ್ಪನಿಗೆ ಮಾತು ಕಡಿಮೆ, ಕೈ ಜಾಸ್ತಿ. ಸಂತೆಯಲ್ಲಿ ನಿಲ್ಲಿಸಿದರೂ ನಾಲ್ಕು ಮಾತಿನಲ್ಲಿ ವ್ಯಾಪಾರ ಮುಗಿಸುವ ಜಾತಿಯವನು. ಕೆಲಸ ಕಲಿತದ್ದೆಲ್ಲ ಮರಾಠಿ, ಹಿಂದಿಯವರ ಕೈಕೆಳಗೆ. ಹಾಗಾಗಿ ಗೀಸರಿನ ಒಂದೊಂದು ಭಾಗಕ್ಕೂ ಅವರದೇ ಹೆಸರು ಅವನ ನಾಲಿಗೆಗೆ ಅಂಟಿತ್ತು. ಇಷ್ಟಕ್ಕೇ ಒಂದು ಮಗುವಿನ ಪ್ರಾಣಕ್ಕೆ ಸಂಚಕಾರ ಬಂದೀತೆಂದು ಯಾರು ಎಣಿಸಿದ್ದರು?

ಐವತ್ತೈದನೆಯ ಇಸವಿಯ ಚಳಿಗಾಲ. ಬಾಂದ್ರಾದ ಬಿಲ್ಡಿಂಗೊಂದರ ಮೂರನೆಯ ಮಹಡಿಯಿಂದ ದೂರು ಬಂತು. ಮನೆಯ ಯಜಮಾನರು ಉಡುಪಿ ಕಡೆಯ ಹೋಟೆಲಿನವರು. ಅವರ ಹೆಂಡತಿ ರಾಜೀವಿ ನಲ್ಲಿ ತಿರುಗಿಸಿ ತೋರಿಸಿದಳು. ಉರಿ ಭುಗ್ಗೆಂದು ಏಳುತ್ತಿತ್ತು, ಕುಗ್ಗುತ್ತಿತ್ತು, ಸತ್ತುಹೋಗುತ್ತಿತ್ತು. ಬಚ್ಚಲಿನ ಕಿಟಕಿಯಿಂದ ನುಗ್ಗುವ ಗಾಳಿಯದೇ ಕಿತಾಪತಿ ಎಂದು ಅವಳ ತೀರ್ಮಾನ. ಆ ಕಿಟಕಿಗೆ ಕಟ್ಟಿದ್ದ ಹಳೆಯ ಬಟ್ಟೆ ಹರಿದು ಪಟಪಟನೆ ಹೊಡೆದುಕೊಳ್ಳುತ್ತಿತ್ತು.

ಶಂಕ್ರೆಪ್ಪ ಗೀಸರಿನ ಡಬ್ಬಿ ಬಿಚ್ಚಿದ. ಪುಟ್ಟ ಕಾವಲು ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಬಿಸಿಗೆ ಬಾಗಿದ, ಎರಡು ಲೋಹ ಬೆಸೆದ ಪಟ್ಟಿ ಗ್ಯಾಸಿನ ಬಾಗಿಲನ್ನು ಸರಿಯಾಗಿಯೇ ತೆರೆದು ಹಿಡಿದಿತ್ತು. ದೋಷವಿದ್ದದ್ದು ನೀರಿನ ಪೆಟ್ಟಿಗೆಯಲ್ಲಿ. ನೀರು ಹರಿದಾಗ ಅದರ ಒತ್ತಡ ಅಲ್ಲಿನ ತೆಳು ರಬ್ಬರನ್ನು ಉಬ್ಬಿಸಬೇಕು, ರಬ್ಬರು ಕಡ್ಡಿಯನ್ನು ನೂಕಬೇಕು, ಕಡ್ಡಿ ದೊಡ್ಡ ಉರಿಗೆ ಗ್ಯಾಸು ಬಿಡಬೇಕು. ರಬ್ಬರಿನಲ್ಲಿ ಕೂದಲಿನಷ್ಟು ಸೀಳು. ಒತ್ತಡ ಅದರಲ್ಲೇ ಆಚೆಗೆ ಸೋರಿ, ಕಡ್ಡಿ ಹಿಂದೆ ಸರಿಯುತ್ತಿತ್ತು. ಕೆಳಗಿನ ಮನೆಯವರೆಲ್ಲ ನಲ್ಲಿ ಬಿಟ್ಟು ನೀರು ಸಣ್ಣಗಾದಾಗಂತೂ ಉರಿ ಹತ್ತಿ ಉಳಿಯುತ್ತಲೇ ಇರಲಿಲ್ಲ.

ಪಕ್ಕದ ಮನೆಯಲ್ಲಿ ಯಾರೋ ಆ ಲೋಹದ ಪಟ್ಟಿಯನ್ನೇ ತಂತಿಯಿಂದ ಬಿಗಿದುಕೊಟ್ಟಿದ್ದಾರೆ, ನಮಗೂ ಹಾಗೇ ಮಾಡಿ ಎಂದು ರಾಜೀವಿ ಕೇಳಿಕೊಂಡಳು. ಶಂಕ್ರೆಪ್ಪನಿಗೆ ಸಿಟ್ಟೇ ಬಂತು. ದೀಪ ಸತ್ತರೆ ಪಟ್ಟಿ ತಣಿದು ಗ್ಯಾಸು ಮುಚ್ಚುತ್ತದೆ, ಕಟ್ಟಿಹಾಕಿದರೆ ಮುಚ್ಚುವವರು ಯಾರು ಎಂದು ಗದರಿದ. ಆಮೇಲೆ ಸಾಮಾನು ಚೀಲಕ್ಕೆ ತುಂಬುತ್ತ, ಮುಖ ಎತ್ತದೆ ಹೇಳಿದ:

"ಪರದಾ ಹರದೈತ್ರಿ ಅಕ್ಕಾರ. ಹೊಸಾ ಪರದಾ ಹಾಕಿದ ಮ್ಯಾಲ ಹಚ್ಚಬೇಕು. ಅಲ್ಲೀತನಾ ಬ್ಯಾಡ."

ಆ ರಬ್ಬರಿಗೆ ವರ್ಕ್‌ಶಾಪಿನಲ್ಲಿ ಎಲ್ಲರೂ ಪರದಾ ಎಂದೇ ಅನ್ನುತ್ತಿದ್ದರು.

ಅದೇ ವಾರದ ಭಾನುವಾರ ಹೊಸ ರಬ್ಬರು ಹಿಡಿದು ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಜನ ನೆರೆದಿದ್ದರು. ಡಾಕ್ಟರು ಆಗಷ್ಟೇ ಇಳಿದು ಹೋಗಿದ್ದರು. ರಾಜೀವಿಯ ಎಂಟು ವರ್ಷದ ಮಗಳು ಚಂಪಾ ತೆರೆದ ಬಾಲ್ಕನಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಸ್ನಾನಕ್ಕೆ ಹೋದವಳು ಎಷ್ಟು ಕರೆದರೂ ಓಗೊಡಲಿಲ್ಲವಂತೆ, ಬಾಗಿಲು ಒಡೆದು ಎತ್ತಿ ತಂದರಂತೆ. ಎರಡು ಸಲ ವಾಂತಿ ಮಾಡಿ ಈಗ ಕಣ್ಣು ಬಿಟ್ಟಿದ್ದಳು.

ಶಂಕ್ರೆಪ್ಪ ಬಚ್ಚಲಿಗೆ ಓಡಿದ. ಒಳಗೆ ಕತ್ತಲು. ಕಿಟಕಿಗೆ ಹೊಚ್ಚಹೊಸ ದಪ್ಪ ಮೇಣಬಟ್ಟೆ, ನಾಲ್ಕೂ ಅಂಚಿಗೆ ಮೊಳೆ. ಗಾಳಿ ಹೋಗಲು ಬರಲು ಇದ್ದದ್ದು ಅದೊಂದೇ ದಾರಿ. ಕೆಳಗಿನ ನಲ್ಲಿಗಳು ನಿಂತು ಒತ್ತಡ ಏರಿದ ಹೊತ್ತಿನಲ್ಲಿ ಹರಕು ರಬ್ಬರೂ ಹೇಗೋ ಉರಿಯನ್ನು ಆರದಂತೆ ಹಿಡಿದಿತ್ತು. ಆ ಉರಿ ಕೋಣೆಯ ಗಾಳಿಯನ್ನೆಲ್ಲ ತಿಂದು, ವಿಷ ಕಾರಿ, ಕೊನೆಗೆ ಕಾವಲು ದೀಪದ ಸಮೇತ ಸತ್ತಿತ್ತು. ಅವನು ಗೀಸರಿನ ಹತ್ತಿರ ಮೂಗು ಒಯ್ದ. ಗ್ಯಾಸಿನ ವಾಸನೆಯಿಲ್ಲ. ಲೋಹದ ಪಟ್ಟಿ ತಣಿದು, ನೆಟ್ಟಗಾಗಿ, ಬಾಗಿಲು ಮುಚ್ಚಿ ಕೂತಿತ್ತು.

ಹಿಂದೆ ಬಂದು ನಿಂತ ರಾಜೀವಿಯ ದನಿಯಲ್ಲಿ ಆರೋಪವಿರಲಿಲ್ಲ, ಬರೀ ಗೊಂದಲವಿತ್ತು.

"ನೀವು ಹೇಳಿದ ಹಾಗೇ ಮಾಡಿದ್ದು ಮಾರಾಯ್ರೇ. ಹೊಸ ಪರದೆ ಹಾಕಿದ ಮೇಲೇ ಹಚ್ಚಿದ್ದು."

ಶಂಕ್ರೆಪ್ಪ ಮತ್ತೆ ಆ ಮೇಣಬಟ್ಟೆಯತ್ತ ತಿರುಗಿದ. ತಂತಿ ಕಟ್ಟುವವರನ್ನು ಕೊಲೆಗಡುಕರೆಂದು ಬೈಯುತ್ತಿದ್ದವನು ಅವನು. ಈಗ ನೋಡಿದರೆ ಅವನ ಒಂದೇ ಮಾತು ಆ ಕಿಟಕಿಗೆ ಮೊಳೆ ಹೊಡೆದಿತ್ತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಅವನದು ಹೋಗಿರಲಿಲ್ಲ, ಎದುರಿಗೇ ಕಿಟಕಿ ಮುಚ್ಚಿ ಕೂತಿತ್ತು.

ಮೊದಲು ಮೇಣಬಟ್ಟೆ ಕಿತ್ತೆಸೆದ. ಆಮೇಲೆ ಡಬ್ಬಿ ಬಿಚ್ಚಿದ. ರಬ್ಬರು ಬದಲಿಸಲು ಅರ್ಧ ಗಂಟೆ ಹಿಡಿಯಿತು. ಹೊರಡುವಾಗ ಚಂಪಾಳ ಎದುರು ನಿಂತ. ಕೈಯಲ್ಲಿದ್ದ ಹರಕು ರಬ್ಬರನ್ನು ರಾಜೀವಿಯ ಅಂಗೈಯಲ್ಲಿಟ್ಟ.

"ನಾ ಅಂದಿದ್ದು ಇದಕ್ಕರಿ, ಅಕ್ಕಾರ."

ಅವಳು ಅದರ ಸೀಳನ್ನು ಬೆರಳಿನಿಂದ ಮುಟ್ಟಿ ನೋಡಿ ಹಿಂದಕ್ಕೆ ಕೊಟ್ಟಳು.

ಅಂದಿನಿಂದ ಆ ರಬ್ಬರು ಶಂಕ್ರೆಪ್ಪನ ಅಂಗಿಯ ಜೇಬಿನಲ್ಲೇ ಇತ್ತು. ಯಾವ ಮನೆಗೆ ಹೋದರೂ ಮೊದಲು ಅದನ್ನು ಮನೆಯವರ ಅಂಗೈಯಲ್ಲಿಟ್ಟು, ಅವರು ಮುಟ್ಟಿ ನೋಡುವವರೆಗೆ ಕಾಯುತ್ತಿದ್ದ. ಆಮೇಲೆ ತಾನೇ ಹೋಗಿ ಬಚ್ಚಲಿನ ಕಿಟಕಿ ತೆರೆಯುತ್ತಿದ್ದ.